ಲಾಭ 52 ಕೋಟಿ, ಕೈಗೆ ಬಂದದ್ದು 9 ಕೋಟಿ

ಕಂಪನಿ ಕೊಳ್ಳಲು ಹೊರಟವರ ಪರವಾಗಿ ಲೆಕ್ಕ ನೋಡುವಾಗ ನಾನು ಮೊದಲು ತೆರೆಯುವುದು ಕ್ಯಾಶ್ ಫ್ಲೋ ಪಟ್ಟಿ. ಮೂರು ವರ್ಷದ ನಿವ್ವಳ ಲಾಭವನ್ನು ಒಂದು ಸಾಲಿನಲ್ಲಿ, ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ಹಣ, ಅಂದರೆ ಆಪರೇಟಿಂಗ್ ಕ್ಯಾಶ್ ಫ್ಲೋವನ್ನು ಅದರ ಕೆಳಗೆ ಬರೆದುಕೊಳ್ಳುತ್ತೇನೆ. ಒಂದೇ ವರ್ಷದ ವ್ಯತ್ಯಾಸಕ್ಕೆ ಸಾವಿರ ಕಾರಣ ಇರಬಹುದು. ಮೂರು ವರ್ಷ ಸೇರಿಸಿದಾಗಲೂ ಹಣ ಲಾಭದ ಹಿಂದೆಯೇ ಉಳಿದಿದ್ದರೆ ಕೂತು ಬಿಡಿಸಬೇಕು.

ವಿದ್ಯುತ್ ಸ್ವಿಚ್ ಮತ್ತು ಎಂಸಿಬಿ ತಯಾರಿಸಿ ಡೀಲರುಗಳ ಮೂಲಕ ಮಾರುವ ಒಂದು ಕಂಪನಿಯ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿದ್ದೇನೆ. ಎಲ್ಲವೂ ಕೋಟಿ ರೂಪಾಯಿಗಳಲ್ಲಿ.

```
                    ವರ್ಷ 1   ವರ್ಷ 2   ವರ್ಷ 3
ಮಾರಾಟ                410      470      560
ನಿವ್ವಳ ಲಾಭ            30       38       52
ಆಪರೇಟಿಂಗ್ ಕ್ಯಾಶ್       38       21        9
```

ಒಟ್ಟು ಲಾಭ 120, ಬಂದ ಹಣ 68. ನೂರಕ್ಕೆ 57. ಆದರೆ ಈ 57 ಕೂಡ ಕಂಪನಿಗೆ ಉದಾರವಾದ ಅಂಕಿಯೇ. ನಿವ್ವಳ ಲಾಭ ಸವಕಳಿ ಕಳೆದ ಮೇಲಿನದು; ಸವಕಳಿಗೆ ಯಾರಿಗೂ ಚೆಕ್ ಬರೆಯುವುದಿಲ್ಲ. ಹಾಗಾಗಿ ಮಾಮೂಲಿ ತಯಾರಿಕಾ ಕಂಪನಿಯಲ್ಲಿ ನಗದು ಲಾಭಕ್ಕಿಂತ ಹೆಚ್ಚೇ ಇರಬೇಕು. ಇನ್ನೊಂದು, ಕ್ಯಾಶ್ ಫ್ಲೋ ಪಟ್ಟಿಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 7ರ ಪ್ರಕಾರ ಸಾಮಾನ್ಯ ಕಂಪನಿಗಳು ಕಟ್ಟಿದ ಬಡ್ಡಿ, ಸಾಲ-ಬಂಡವಾಳದ ಓಡಾಟ ತೋರಿಸುವ ಫೈನಾನ್ಸಿಂಗ್ ಭಾಗಕ್ಕೆ ಹೋಗುತ್ತದೆ. ಇಂಡ್ ಎಎಸ್ 116 ಬಂದ ಮೇಲೆ, ಅಂದರೆ 2019-20ರಿಂದ, ಲೀಸ್ ಬಾಡಿಗೆಯ ಬಹುಪಾಲೂ ಅಲ್ಲಿಗೇ ಹೋಯಿತು. ಲಾಭದಲ್ಲಿ ಬಡ್ಡಿ ಕಳೆದಿದೆ, ನಗದಿನಲ್ಲಿ ಕಳೆದಿಲ್ಲ. ಹೀಗೆ ಹೋಲಿಸಿದರೆ ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಕಲ್ಲು ಕಟ್ಟಿದಂತೆ. ಮೂರನೇ ವರ್ಷ ಕಟ್ಟಿದ ಬಡ್ಡಿ 11, ಲೀಸಿನ ಅಸಲು 3. ಎರಡನ್ನೂ ಕಳೆದರೆ 9 ಹೋಗಿ ಮೈನಸ್ 5 ಆಗುತ್ತದೆ.

ಅಂತರವನ್ನು ಬಿಡಿಸುವಾಗ ನಾನು ಉಲ್ಟಾ ಹೋಗುತ್ತೇನೆ: ಎಷ್ಟು ಬರಬೇಕಿತ್ತು? ಲಾಭ 52, ಸವಕಳಿ 16, ಬಡ್ಡಿ 11 ಸೇರಿ 79. ಬಂದದ್ದು 9. ಎಲ್ಲಿ ಹೋಯಿತು 70? ಡೆಟರ್ಸ್, ಅಂದರೆ ಗ್ರಾಹಕರಿಂದ ಬರಬೇಕಾದ ಬಾಕಿ 48 ಏರಿದೆ, ದಾಸ್ತಾನು 27 ಏರಿದೆ. ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಬೆಳೆದು 12 ವಾಪಸ್ ಬಂದಿದೆ. ಉಳಿದ 7 ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಬೇರೆ ಭಾಗಕ್ಕೆ ಹೋದ ಬಡ್ಡಿ ಆದಾಯ ಇತ್ಯಾದಿ, ಅದನ್ನು ಬಿಡೋಣ. ಬೆನ್ನು ಹತ್ತಬೇಕಾದದ್ದು 48ನ್ನು.

ವರ್ಷಾಂತ್ಯದ ಡೆಟರ್ಸ್ 112ರಿಂದ 160ಕ್ಕೆ ಹೋಗಿತ್ತು. ಬಾಕಿಯನ್ನು ದಿನಗಳಿಗೆ ಇಳಿಸುವಾಗ ಹೊಸಬರು ಮಾಡುವ ತಪ್ಪೊಂದಿದೆ. ಡೆಟರ್ಸ್‌ನಲ್ಲಿ ಜಿಎಸ್‌ಟಿ ಸೇರಿರುತ್ತದೆ, ಮಾರಾಟದ ಅಂಕಿಯಲ್ಲಿ ಇರುವುದಿಲ್ಲ. ಮಾರಾಟವನ್ನು ಶೇ 18 ಹೆಚ್ಚಿಸಿಕೊಂಡು ಭಾಗಿಸಿದರೆ ಎರಡನೇ ವರ್ಷ 74 ದಿನ, ಮೂರನೇ ವರ್ಷ 88 ದಿನ. ಹೆಚ್ಚಿಸದಿದ್ದರೆ ಮೂರನೇ ವರ್ಷ 104 ದಿನ ಬರುತ್ತದೆ. ಆ ಅಂಕಿ ಹಿಡಿದು ಪ್ರಶ್ನೆ ಕೇಳಿದರೆ ಫೈನಾನ್ಸ್ ಮುಖ್ಯಸ್ಥರು ಒಂದೇ ವಾಕ್ಯದಲ್ಲಿ ನಿಮ್ಮನ್ನು ಮನೆಗೆ ಕಳಿಸುತ್ತಾರೆ.

88ಕ್ಕೂ ಅವರ ಬಳಿ ಉತ್ತರವಿತ್ತು. "ಸಾರ್, ಮಾರ್ಚ್ ಮಾರಾಟ ಜೋರಾಗಿತ್ತು. ಬಿಲ್ಲುಗಳು ಇನ್ನೂ ಡ್ಯೂ ಆಗಿಲ್ಲ." ಸುಳ್ಳಲ್ಲ. ಜನವರಿ 44, ಫೆಬ್ರುವರಿ 50, ಮಾರ್ಚ್ 104. ತಿಂಗಳ ಸರಾಸರಿ 47ರ ಆಸುಪಾಸು ಇರುವ ಕಂಪನಿಯಲ್ಲಿ ಕೊನೆಯ ತಿಂಗಳು ದುಪ್ಪಟ್ಟಿಗೂ ಹೆಚ್ಚು. ಬಾಕಿಯನ್ನು ಕೊನೆಯ ತಿಂಗಳಿಂದ ಹಿಂದಕ್ಕೆ ಕಳೆಯುತ್ತಾ ಬಂದರೆ ಇಡೀ ಮಾರ್ಚ್ ಮತ್ತು ಫೆಬ್ರುವರಿಯ 18 ದಿನ, ಒಟ್ಟು 49 ದಿನಕ್ಕೇ 160 ಮುಗಿದುಹೋಗುತ್ತದೆ. ಆರು ತಿಂಗಳು ದಾಟಿದ ಬಾಕಿ ಹೆಚ್ಚಿಲ್ಲ, ಬಾಕಿ ಎಷ್ಟು ಹಳೆಯದೆಂದು ತೋರಿಸುವ ಏಜಿಂಗ್ ಪಟ್ಟಿ ಚೊಕ್ಕಟ. ಅನುಪಾತ ನೋಡುವವರು ಇಲ್ಲಿಗೆ ನಿಲ್ಲುತ್ತಾರೆ. ಬಾಕಿ ಹಳೆಯದಲ್ಲ ಎನ್ನುವುದು ಒಪ್ಪಿಕೊಳ್ಳುವ ಮಾತು. ಆದರೆ ಆ ಮಾರ್ಚ್ ಮಾರಾಟ ನಿಜವಾಗಿ ಮಾರಾಟವೇ?

ಇದಕ್ಕೆ ನಾನು ಕೇಳುವುದು ಮೂರು ಕಡತ: ಮಾರ್ಚ್ 20ರ ನಂತರದ ಇನ್‌ವಾಯ್ಸ್ ಪಟ್ಟಿ, ಸರಕು ಸಾಗಿಸಲು ತೆಗೆಯುವ ಅವುಗಳ ಇ-ವೇ ಬಿಲ್ ಡೌನ್‌ಲೋಡ್, ಏಪ್ರಿಲ್‌ನಿಂದ ಈಚೆಗೆ ವಾಪಸಾದ ಸರಕಿನ ಬಿಲ್ ಇಳಿಸಿದ ಕ್ರೆಡಿಟ್ ನೋಟ್ ರಿಜಿಸ್ಟರ್. ಇ-ವೇ ಬಿಲ್ಲಿನಲ್ಲಿ ಎರಡು ಭಾಗ. ಪಾರ್ಟ್-ಎ ಸರಕಿನ ವಿವರ. ಕಚೇರಿಯಲ್ಲಿ ಕೂತು ಯಾವಾಗ ಬೇಕಾದರೂ ತುಂಬಬಹುದು. ಪಾರ್ಟ್-ಬಿ ವಾಹನದ ಸಂಖ್ಯೆ. ಲಾರಿ ಗೊತ್ತಾಗದೆ ತುಂಬಲು ಬರುವುದಿಲ್ಲ, ತುಂಬಿದ ಹೊತ್ತಿನಿಂದಲೇ ಬಿಲ್ಲಿನ ಅವಧಿ ಓಡಲು ಶುರು. ಹಾಗಾಗಿ ಇನ್‌ವಾಯ್ಸ್ ದಿನಾಂಕವನ್ನು ಪಾರ್ಟ್-ಬಿ ಮೊದಲ ಸಲ ತುಂಬಿದ ದಿನಾಂಕದ ಪಕ್ಕ ಇಟ್ಟು ಕಳೆಯುತ್ತೇನೆ. ಮಾಮೂಲಿ ತಿಂಗಳಲ್ಲಿ ಅಂತರ ಸೊನ್ನೆ ಅಥವಾ ಒಂದು ದಿನ. ಇಲ್ಲಿ ಮಾರ್ಚ್ 30 ಮತ್ತು 31ರ ಇನ್‌ವಾಯ್ಸುಗಳಿಗೆ ಏಪ್ರಿಲ್ 4, 6, 9ರಂದು ಲಾರಿ ನಂಬರು ಬಿದ್ದಿತ್ತು. ಅಂಥವು ಒಟ್ಟು 12 ಕೋಟಿ.

ಇಷ್ಟಕ್ಕೇ ತೀರ್ಪು ಕೊಡಬಾರದು. ಅದೇ ರಾಜ್ಯದಲ್ಲಿ ಟ್ರಾನ್ಸ್‌ಪೋರ್ಟರ್ ಗೋದಾಮಿಗೆ 50 ಕಿ.ಮೀ. ಒಳಗೆ ಸಾಗಿಸಿದರೆ ಪಾರ್ಟ್-ಬಿ ಬೇಕಿಲ್ಲ, ಅಂಥ ಬಿಲ್ಲುಗಳನ್ನು ಮೊದಲೇ ತೆಗೆಯಬೇಕು. ಗ್ರಾಹಕನೇ "ಬಿಲ್ ಮಾಡಿ ಇಟ್ಟಿರಿ" ಎಂದು ಕೇಳಿದ್ದರೆ ಇಂಡ್ ಎಎಸ್ 115 ಮಾರಾಟ ತೋರಿಸಲು ಬಿಡುತ್ತದೆ. ಆದರೆ ಸರಕು ಅವನ ಹೆಸರಿನಲ್ಲಿ ಪ್ರತ್ಯೇಕವಾಗಿ, ಕಳಿಸಲು ಸಿದ್ಧವಾಗಿ ಇರಬೇಕು, ಇನ್ನೊಬ್ಬನಿಗೆ ಕೊಡುವಂತಿರಬಾರದು. ಆ ಕೋರಿಕೆಯ ಪತ್ರ ಕೇಳಿದೆ. ಒಂದೂ ಸಿಗಲಿಲ್ಲ.

ಕಾರ್ಖಾನೆಯ ಒಳಗಿನ ಕಾಗದ ಸಿಗದವರಿಗೂ ಇಲ್ಲಿ ಒಂದು ಕಿಂಡಿ ಇದೆ. ಚಾಲ್ತಿ ಆಸ್ತಿಯ ಭದ್ರತೆಯ ಮೇಲೆ ಬ್ಯಾಂಕ್ ಸಾಲ ಪಡೆದ ಕಂಪನಿ, ಬ್ಯಾಂಕಿಗೆ ತ್ರೈಮಾಸಿಕಕ್ಕೊಮ್ಮೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಪುಸ್ತಕಕ್ಕೆ ತಾಳೆಯಾಗದಿದ್ದರೆ ಟಿಪ್ಪಣಿಯಲ್ಲಿ ಹೇಳಬೇಕೆಂದು ಕಂಪನಿ ಕಾಯ್ದೆಯ ಶೆಡ್ಯೂಲ್ 3ರಲ್ಲಿ ನಿಯಮ ಬಂದಿದೆ. ಮಂಜೂರಾದ ಮಿತಿ 5 ಕೋಟಿ ಮೀರಿದರೆ ಆಡಿಟರ್ ಕೂಡ ಆಡಿಟ್ ವರದಿಯ ಸರ್ಕಾರಿ ಆದೇಶವಾದ ಕ್ಯಾರೋ 2020ರ ವರದಿಯಲ್ಲಿ ಹೇಳಬೇಕು. ಈ ಕಂಪನಿಯ ಟಿಪ್ಪಣಿಯಲ್ಲಿ ಮಾರ್ಚ್ ದಾಸ್ತಾನು ಪುಸ್ತಕಕ್ಕಿಂತ ಬ್ಯಾಂಕಿಗೆ 8.4 ಕೋಟಿ ಹೆಚ್ಚು ತೋರಿಸಿತ್ತು. ಕಾರಣದ ಕಾಲಂನಲ್ಲಿ "ಮಾರ್ಗದಲ್ಲಿರುವ ಸರಕು" ಎಂದಿತ್ತು. 12 ಕೋಟಿ ಮಾರಾಟಕ್ಕೆ ಶೇ 30 ಮಾರ್ಜಿನ್ ಕಳೆದರೆ ಸರಕಿನ ಬೆಲೆ 8.4. ಬ್ಯಾಂಕಿನ ಪಟ್ಟಿ ಮಾಡಿದ್ದು ಸ್ಟೋರ್ಸ್‌ನವರು. ಅವರು ಕಣ್ಣಿಗೆ ಕಂಡದ್ದನ್ನು ಎಣಿಸಿದ್ದರು. ಅಕೌಂಟ್ಸ್‌ನವರು ಅದೇ ಸರಕನ್ನು ಮಾರಿಬಿಟ್ಟಿದ್ದರು.

ಕ್ರೆಡಿಟ್ ನೋಟ್ ರಿಜಿಸ್ಟರ್ ಇನ್ನೊಂದು ಕಥೆ ಹೇಳಿತು. ಏಪ್ರಿಲ್‌ನಿಂದ ಜೂನ್‌ವರೆಗೆ ಮಾರ್ಚ್ ಇನ್‌ವಾಯ್ಸುಗಳ ವಿರುದ್ಧ 17 ಕೋಟಿಯ ಸರಕು ವಾಪಸ್. ಅದರಲ್ಲಿ 4 ಕೋಟಿ ಆಗಲೇ ಹಿಡಿದ 12ರಲ್ಲೇ ಇತ್ತು, ಎರಡು ಸಲ ಎಣಿಸಬಾರದು. ಡೀಲರುಗಳಿಗೆ ಕಳಿಸಿದ್ದ ಮಾರ್ಚ್ ಸ್ಕೀಮ್ ಸುತ್ತೋಲೆಯಲ್ಲಿ ಎಂದಿನ 45 ದಿನದ ಬದಲು 120 ದಿನದ ಉದ್ದರಿ, ಉಳಿದ ಮಾಲು ವಾಪಸ್ ಕೊಡಬಹುದು ಎಂಬ ಸಾಲು. ವಾಪಸಾಗಬಹುದಾದಷ್ಟು ಮಾಲನ್ನು ಮಾರಾಟಕ್ಕೆ ಸೇರಿಸಲು ಇಂಡ್ ಎಎಸ್ 115 ಒಪ್ಪುವುದಿಲ್ಲ. ಇಲ್ಲಿ ಪೂರ್ತಿ ಸೇರಿಸಿದ್ದರು. ಕ್ರೆಡಿಟ್ ನೋಟುಗಳನ್ನು ಏಪ್ರಿಲ್‌ಗೇ ನಿಲ್ಲಿಸದೆ ನವೆಂಬರ್‌ವರೆಗೂ ನೋಡುವುದು ನನ್ನ ಅಭ್ಯಾಸ, ಏಕೆಂದರೆ ಹಿಂದಿನ ವರ್ಷದ ಬಿಲ್ಲಿನ ಜಿಎಸ್‌ಟಿ ಇಳಿಸಿಕೊಳ್ಳುವ ಗಡುವು ನವೆಂಬರ್ 30.

ಈಗ ತಿದ್ದುಪಡಿ. 12 ಮತ್ತು 17ರಿಂದ ಎರಡರಲ್ಲೂ ಇದ್ದ 4 ಕಳೆದರೆ 25 ಕೋಟಿ ಮೂರನೇ ವರ್ಷದ ಮಾರಾಟವಲ್ಲ. ಇಲ್ಲಿಗೆ ನಿಲ್ಲಿಸಿದರೆ ಕಂಪನಿಗೆ ಅನ್ಯಾಯ. ಇದೇ ಆಟ ಹಿಂದಿನ ಮಾರ್ಚ್‌ನಲ್ಲೂ ಸಣ್ಣದಾಗಿ ನಡೆದಿತ್ತು. ಅಲ್ಲಿ ಮೊದಲೇ ಎಳೆದುಕೊಂಡ 6 ಕೋಟಿ ನಿಜವಾಗಿ ಈ ವರ್ಷದ್ದು. ನಿವ್ವಳ 19. ಶೇ 30ರ ಲೆಕ್ಕದಲ್ಲಿ ಇಬಿಟ್ಡಾದಿಂದ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭದಿಂದ 5.7 ಕೋಟಿ ಇಳಿಯಿತು, 94 ಇದ್ದದ್ದು 88.3 ಆಯಿತು. ಇಬಿಟ್ಡಾದ ಹತ್ತು ಪಟ್ಟು ಬೆಲೆ ಕಟ್ಟುವ ವ್ಯವಹಾರವಾದರೆ 57 ಕೋಟಿಯ ಮಾತು.

ದಾಸ್ತಾನಿನ 27ನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅದರಲ್ಲಿ 21 ಸಿದ್ಧ ಮಾಲು. ಡೀಲರ ಗೋದಾಮು ತುಂಬಿಸಿದ ಮೇಲೂ ಕಾರ್ಖಾನೆಯಲ್ಲಿ ಸಿದ್ಧ ಮಾಲು ಬೆಳೆಯುತ್ತಿದ್ದರೆ ಬೇಡಿಕೆ ಕುಸಿದಿದೆ ಎಂದೇ ನಾನು ಓದುವುದು. ಜೊತೆಗೆ ಮಾರಾಟಕ್ಕಿಂತ ಹೆಚ್ಚು ತಯಾರಿಸಿದಷ್ಟೂ ಕಾರ್ಖಾನೆಯ ಬಾಡಿಗೆ, ಸಂಬಳದ ಒಂದಂಶ ದಾಸ್ತಾನಿನ ಬೆಲೆಯೊಳಗೆ ಕೂರುತ್ತದೆ, ಖರ್ಚಾಗಿ ಇಳಿಯುವುದಿಲ್ಲ. ನಿಯಮದೊಳಗೇ ಲಾಭ ಉಬ್ಬುತ್ತದೆ.

ಇನ್ನು ಆ 9 ಕೋಟಿಯಾದರೂ ಗಟ್ಟಿಯೇ? ಸಂಭಾವ್ಯ ಹೊಣೆಗಳ ಟಿಪ್ಪಣಿಯಲ್ಲಿ "ಡಿಸ್ಕೌಂಟ್ ಮಾಡಿದ ಬಿಲ್ಲುಗಳು" ಎಂಬ ಸಾಲು: ಈ ವರ್ಷ 22, ಹಿಂದಿನ ವರ್ಷ 6. ಡೀಲರ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು ಹಣ ಪಡೆದಿದ್ದಾರೆ, ಡೀಲರ್ ಕಟ್ಟದಿದ್ದರೆ ಕಂಪನಿಯೇ ಕಟ್ಟಬೇಕು. ಮುಳುಗುವ ಅಪಾಯ ಕಂಪನಿಯ ಬಳಿಯೇ ಉಳಿದರೆ ಅದು ವಸೂಲಿಯಲ್ಲ, ಸಾಲ. ಇಂಡ್ ಎಎಸ್ 109 ಪ್ರಕಾರ ಆ ಬಾಕಿ ಪುಸ್ತಕದಿಂದ ಇಳಿಯಬಾರದಿತ್ತು. ಹೆಚ್ಚಿದ 16ನ್ನು ಫೈನಾನ್ಸಿಂಗ್‌ಗೆ ಸರಿಸಿದರೆ, ಬಡ್ಡಿ-ಲೀಸ್ ಕಳೆದ ಮೈನಸ್ 5 ಮೈನಸ್ 21 ಆಗುತ್ತದೆ. ನಿಜವಾದ ಬಾಕಿ 182, ದಿನಗಳ ಲೆಕ್ಕದಲ್ಲಿ 101. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಕಂಪನಿಯ ಈ ಹೊಣೆಯನ್ನು ಹೇಳುವ "ರಿಕೋರ್ಸ್" ಶಬ್ದ ಹುಡುಕಿ ಓದುವುದು ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಲಾಭ-ನಗದಿನ ಈ ಹೋಲಿಕೆ ಕುರುಡಾಗುವ ಎರಡು ಜಾಗ ಗೊತ್ತಿರಬೇಕು. ಖರ್ಚನ್ನೇ ಆಸ್ತಿ ಎಂದು ಬರೆದರೆ ಲಾಭವೂ ಏರುತ್ತದೆ, ಆಪರೇಟಿಂಗ್ ಕ್ಯಾಶೂ ಏರುತ್ತದೆ, ಏಕೆಂದರೆ ಹೊರಹೋದ ಹಣ ಇನ್‌ವೆಸ್ಟಿಂಗ್ ಭಾಗದಲ್ಲಿ ಕೂರುತ್ತದೆ. ಅಮೆರಿಕದ ವರ್ಲ್ಡ್‌ಕಾಮ್ ಬೇರೆ ದೂರವಾಣಿ ಜಾಲಗಳಿಗೆ ಕಟ್ಟುತ್ತಿದ್ದ ಶುಲ್ಕವನ್ನು ಹೀಗೆ ಆಸ್ತಿಯಾಗಿಸಿತ್ತು. 2002ರ ಜೂನ್‌ನಲ್ಲಿ ಮೊದಲು ಒಪ್ಪಿಕೊಂಡ ಮೊತ್ತವೇ 3.8 ಬಿಲಿಯನ್ ಡಾಲರ್. ಅದಕ್ಕೇ ಆಪರೇಟಿಂಗ್ ಕ್ಯಾಶ್‌ನಿಂದ ಬಂಡವಾಳ ವೆಚ್ಚವನ್ನೂ ಕಳೆದು ಇನ್ನೊಮ್ಮೆ ನೋಡುತ್ತೇನೆ, ನಿರ್ಮಾಣದಲ್ಲಿರುವ ಆಸ್ತಿಗಳ ಏಜಿಂಗ್ ಪಟ್ಟಿ ಓದುತ್ತೇನೆ.

ಎರಡನೆಯದು ನಗದೇ ಸುಳ್ಳಾದಾಗ. ಐಟಿ ಕಂಪನಿ ಸತ್ಯಂನಲ್ಲಿ ಲಾಭ ಮತ್ತು ನಗದು ಜೊತೆಜೊತೆಗೇ ನಡೆಯುವಂತೆ ಕಾಣುತ್ತಿತ್ತು, ಏಕೆಂದರೆ ಸುಳ್ಳು ಲಾಭದ ಬಹುಪಾಲನ್ನು ಡೆಟರ್ಸ್‌ನಲ್ಲಿ ಇಡುವ ಬದಲು ಬ್ಯಾಂಕ್ ಬ್ಯಾಲೆನ್ಸಿನಲ್ಲೇ ತುಂಬಿಸಿದ್ದರು. 2009ರ ಜನವರಿ 7ರ ಪತ್ರದಲ್ಲಿ ಅದರ ಅಧ್ಯಕ್ಷ ರಾಮಲಿಂಗ ರಾಜು ಇಲ್ಲದ ನಗದು ಮತ್ತು ಬ್ಯಾಂಕ್ ಬಾಕಿ 5,040 ಕೋಟಿ ಎಂದರು. ಅದರ ಪಕ್ಕದಲ್ಲೇ ಇನ್ನೊಂದು ಸಾಲಿತ್ತು: ಇಲ್ಲದ ಸಂಚಿತ ಬಡ್ಡಿ 376 ಕೋಟಿ. ಇಲ್ಲದ ಠೇವಣಿಗೆ ಬಡ್ಡಿ ಬರೆದುಕೊಳ್ಳಬಹುದು, ಆದರೆ ಅದು ಖಾತೆಗೆ ಬೀಳುವುದಿಲ್ಲ. ಆದ್ದರಿಂದ ನಗದು ಹೆಚ್ಚಿರುವ ಕಂಪನಿಯಲ್ಲಿ ವರ್ಷದ ಬಡ್ಡಿ ಆದಾಯವನ್ನು, ಇನ್‌ವೆಸ್ಟಿಂಗ್ ಭಾಗದಲ್ಲಿ ಕಾಣುವ "ಬಂದ ಬಡ್ಡಿ"ಯ ಪಕ್ಕ ಇಟ್ಟು ನೋಡುತ್ತೇನೆ. ವರ್ಷದಿಂದ ವರ್ಷಕ್ಕೆ ಸಂಚಿತ ಬಡ್ಡಿ ಮಾತ್ರ ಬೆಳೆಯುತ್ತಿದ್ದರೆ ಬ್ಯಾಂಕಿನ ದೃಢೀಕರಣ ಪತ್ರವನ್ನು ಕಂಪನಿಯ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಶಾಖೆಯ ಅಧಿಕೃತ ಇಮೇಲಿನಿಂದ ನೇರ ನನಗೇ ಬರಬೇಕು.