ನಾಲ್ಕು ಗಾಡಿ, ನಾಲ್ಕು ಲೆಕ್ಕ: ನನ್ನ ಆದಾಯ ತೆರಿಗೆಯ ಅನುಭವ

ಮಂಡ್ಯದ ಬೆಲ್ಲದ ಮಂಡಿ ಮತ್ತು ಸುತ್ತಲಿನ ಅಕ್ಕಿ ಗಿರಣಿಗಳಿಂದ ಸರಕು ಸಾಗಿಸುವುದು ನನ್ನ ವೃತ್ತಿ. 2024-25ರ ಆರ್ಥಿಕ ವರ್ಷದ ಆರಂಭದಲ್ಲಿ ನನ್ನ ಬಳಿ ಮೂರು ಗಾಡಿಗಳಿದ್ದವು. ವರ್ಷದ ನಡುವೆ ಒಂದನ್ನು ಮಾರಿ ಮತ್ತೊಂದನ್ನು ಕೊಂಡೆ. ಅದುವರೆಗೆ ರಿಟರ್ನ್ ಬರೆಸುವ ಕೆಲಸವನ್ನು ಬೇರೊಬ್ಬರಿಗೆ ವಹಿಸಿ, ಅವರು ತೋರಿಸಿದಲ್ಲಿ ಸಹಿ ಹಾಕಿ ಬರುತ್ತಿದ್ದೆ. ಗಾಡಿಗಳು ಅದಲುಬದಲಾದ ಆ ವರ್ಷ ಮಾತ್ರ ಲೆಕ್ಕವನ್ನು ನಾನೇ ಹಾಕಿ, ಪರಿಚಯದ ಆಡಿಟರ್ ಒಬ್ಬರಿಗೆ ತೋರಿಸಿ, ಅನಂತರ ಸಲ್ಲಿಸುವುದೆಂದು ನಿರ್ಧರಿಸಿದೆ.

ವರ್ಷದ ಯಾವುದೇ ದಿನದಲ್ಲಿ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಹೊಂದಿರದ ಸಾಗಣೆದಾರನಿಗೆ 2024-25ರ ಲೆಕ್ಕಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಂ ಅನ್ವಯಿಸುತ್ತದೆ. ಇದರಲ್ಲಿ ಬಾಡಿಗೆ ಎಷ್ಟು ಬಂತು, ಡೀಸೆಲ್ಲಿಗೆ ಎಷ್ಟು ಹೋಯಿತು ಎಂಬುದರಿಂದ ಲೆಕ್ಕ ಆರಂಭವಾಗುವುದಿಲ್ಲ. ಗಾಡಿಯ ತೂಕ ಎಷ್ಟು, ಅದು ಎಷ್ಟು ತಿಂಗಳು ನನ್ನದಾಗಿತ್ತು ಎಂಬುದರಿಂದ ಆರಂಭವಾಗುತ್ತದೆ. ಒಟ್ಟು ತೂಕ 12,000 ಕಿಲೋ ಮೀರಿದ ಗಾಡಿ ಭಾರಿ ವಾಹನ. ಅದಕ್ಕೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿಯಂತೆ ಆದಾಯ ಬಂದಿದೆಯೆಂದು ಕಾನೂನು ಭಾವಿಸುತ್ತದೆ. ಅದಕ್ಕಿಂತ ಚಿಕ್ಕ ಗಾಡಿಗೆ, ಅದು ಎಷ್ಟೇ ಚಿಕ್ಕದಿರಲಿ, ತಿಂಗಳಿಗೆ 7,500 ರೂಪಾಯಿ. ತಿಂಗಳಿನ ಒಂದು ಭಾಗವಿದ್ದರೂ ಅದು ಪೂರ್ತಿ ತಿಂಗಳೇ. ಒಂದು ಗಾಡಿಯಿಂದ ಇದಕ್ಕಿಂತ ಹೆಚ್ಚು ನಿಜವಾಗಿ ಗಳಿಸಿದ್ದೇನೆಂದು ನಾವೇ ತೋರಿಸಿದರೆ, ಆ ಗಾಡಿಗೆ ಆ ಹೆಚ್ಚಿನ ಮೊತ್ತವೇ ಆದಾಯವಾಗುತ್ತದೆ.

ನಾನು ಮೊದಲು ಮಾಡಿದ ಕೆಲಸವೆಂದರೆ ನಾಲ್ಕೂ ಗಾಡಿಗಳ ಆರ್‌ಸಿಗಳನ್ನು ಮೇಜಿನ ಮೇಲೆ ಹರಡಿದ್ದು. ಮಾರಿದ ಗಾಡಿಯ ಆರ್‌ಸಿ ಕೈಯಲ್ಲಿರಲಿಲ್ಲ; ಅದೃಷ್ಟವಶಾತ್ ಹಳೆಯ ವಿಮೆಯ ಕಾಗದದ ಜೊತೆ ಅದರ ನೆರಳಚ್ಚು ಪ್ರತಿ ಸಿಕ್ಕಿತು. ಆರ್‌ಸಿಯಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಹೊರೆಸಹಿತ ಒಟ್ಟು ತೂಕ. ಇವೆರಡರ ವ್ಯತ್ಯಾಸವೇ ನಾವು ಲೋಡಿಂಗಿನಲ್ಲಿ ಮಾತಾಡುವ ‘ಇಷ್ಟು ಟನ್ ಗಾಡಿ’ ಎಂಬ ಲೆಕ್ಕ. ನನ್ನ ತಪ್ಪು ಇಲ್ಲಿಯೇ ಆಯಿತು. ರಿಟರ್ನ್ ನಮೂನೆಯ ಆ ಅಂಕಣದಲ್ಲಿ ಗಾಡಿಯ ‘ಟನ್ನೇಜ್ ಕೆಪಾಸಿಟಿ’ ಕೇಳುತ್ತಾರೆ. ಇಪ್ಪತ್ತು ವರ್ಷ ಲೋಡಿಂಗ್ ಮಾಡಿಸಿದವನಿಗೆ ಆ ಮಾತು ಕೇಳಿದೊಡನೆ ಹೊಳೆಯುವುದು ಎಷ್ಟು ಹೊರೆ ಹೊರುತ್ತದೆ ಎಂಬುದೇ. ಹೊಸ ಹತ್ತು ಚಕ್ರದ ಲಾರಿಗೆ ನಾನು 19 ಟನ್ ಎಂದು ಬರೆದೆ, ಐದು ತಿಂಗಳಿಗೆ 95,000 ರೂಪಾಯಿ ಆಯಿತು.

ಆಡಿಟರ್ ಅದನ್ನು ನೋಡಿದವರೇ, “ಗೌಡ್ರೇ, ಇದು ನೀವು ಹೇರುವ ಬೆಲ್ಲದ ತೂಕ. ಕಾನೂನು ಕೇಳೋದು ಬೆಲ್ಲ, ಗಾಡಿ ಎರಡೂ ಸೇರಿದ ತೂಕ” ಎಂದರು. ಆರ್‌ಸಿಯಲ್ಲಿ ಒಟ್ಟು ತೂಕ 28,000 ಕಿಲೋ ಎಂದು ಸ್ಪಷ್ಟವಾಗಿತ್ತು. ಅಂದರೆ ತಿಂಗಳಿಗೆ 28,000 ರೂಪಾಯಿ, ಐದು ತಿಂಗಳಿಗೆ 1,40,000. ಒಂದೇ ಗಾಡಿಯಲ್ಲಿ, ಐದೇ ತಿಂಗಳಲ್ಲಿ 45,000 ರೂಪಾಯಿ ಆದಾಯ ಕಡಿಮೆ ತೋರಿಸುತ್ತಿದ್ದೆ. ಗಾಡಿಯ ವಿವರ ಸಾರಿಗೆ ಇಲಾಖೆಯ ದಾಖಲೆಯಲ್ಲಿರುವುದರಿಂದ, ನೋಂದಣಿ ಸಂಖ್ಯೆ ಹಿಡಿದು ಯಾರಾದರೂ ಹೋಲಿಸಿ ನೋಡಿದರೆ ಈ ತಪ್ಪು ಬಚ್ಚಿಟ್ಟುಕೊಳ್ಳುವಂಥದ್ದಲ್ಲ.

ಬೇರೆ ಬಗೆಯ ತಪ್ಪುಗಳೂ ನಮ್ಮವರಲ್ಲಿವೆ. ಎಲ್ಲ ಗಾಡಿಗೂ 7,500 ಹಾಕಿ ಮುಗಿಸುವುದು 2018ರ ತಿದ್ದುಪಡಿಗೆ ಮುಂಚಿನ ಅಭ್ಯಾಸ. ಆಗ ಚಿಕ್ಕದು ದೊಡ್ಡದೆಂಬ ಭೇದವಿರಲಿಲ್ಲ. ಹಾಗೆಯೇ ಟನ್ನಿನ ದರವನ್ನು ಚಿಕ್ಕ ಗಾಡಿಗೂ ಹಚ್ಚುವವರಿದ್ದಾರೆ. ನನ್ನ ಆರು ಚಕ್ರದ ಲಾರಿಯ ಒಟ್ಟು ತೂಕ 11,900 ಕಿಲೋ. ಅದು 12,000 ದಾಟದ ಕಾರಣ 7,500ರ ಗುಂಪಿಗೇ ಸೇರುತ್ತದೆ, ಟನ್ನಿನ ಲೆಕ್ಕದಲ್ಲಿ 11,900 ರೂಪಾಯಿ ಹಾಕಬೇಕಾಗಿಲ್ಲ.

ಈಗ ತಿಂಗಳುಗಳ ವಿಷಯ. ಈ ಲಾರಿಯ ಎಂಜಿನ್ ಕೆಟ್ಟು ಜೂನ್‌ನಿಂದ ಆಗಸ್ಟ್‌ವರೆಗೆ ಷೆಡ್ಡಿನಲ್ಲಿ ನಿಂತಿತ್ತು. ಮೂರು ತಿಂಗಳು ಒಂದು ರೂಪಾಯಿ ಬಾಡಿಗೆ ಇಲ್ಲ, ಮೇಲೆ ರಿಪೇರಿಯ ಖರ್ಚು. ಒಂಬತ್ತು ತಿಂಗಳಿಗೆ ಮಾತ್ರ ಲೆಕ್ಕ ಹಾಕಬಹುದೆಂದು ನಾನು ನಂಬಿದ್ದೆ. ಆದರೆ ಕಲಂನಲ್ಲಿರುವ ಮಾತು ಗಾಡಿ ‘ಓಡಿದ’ ತಿಂಗಳಲ್ಲ, ಗಾಡಿಯ ‘ಮಾಲೀಕತ್ವವಿದ್ದ’ ತಿಂಗಳು. ಷೆಡ್ಡಿನಲ್ಲಿ ನಿಂತಿದ್ದರೂ ಅದು ನನ್ನ ಗಾಡಿಯೇ ಆಗಿತ್ತು. ಹಾಗಾಗಿ ಹನ್ನೆರಡು ತಿಂಗಳಿಗೆ 90,000 ರೂಪಾಯಿ ಬರೆದೆ. ನ್ಯಾಯವೇ ಎಂದು ಕೇಳಿದರೆ ನನಗೆ ಸಮಾಧಾನವಿಲ್ಲ. ಆದರೆ ಲೆಕ್ಕಪುಸ್ತಕ ಕೇಳದೆ ಬಿಡುವ ಕಾನೂನು ಕೊಡುವ ಸವಲತ್ತಿನ ಇನ್ನೊಂದು ಮುಖ ಇದು.

ಹಳೆಯ ಚಿಕ್ಕ ಲಾರಿಯನ್ನು ಸೆಪ್ಟೆಂಬರ್ 9ರಂದು ಮಾರಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು, 45,000 ರೂಪಾಯಿ. ಕೊಂಡವರು ಆರ್‌ಸಿಯಲ್ಲಿ ಹೆಸರು ಬದಲಾಯಿಸಿಕೊಂಡದ್ದು ಮಾತ್ರ ನವೆಂಬರ್‌ನಲ್ಲಿ. ಹಣ ಬ್ಯಾಂಕಿಗೆ ಬಂದ ದಿನ, ಗಾಡಿ ಒಪ್ಪಿಸಿದ ಪತ್ರ, ಮಾರಾಟ ತಿಳಿಸುವ ನಮೂನೆ 29ರ ಪ್ರತಿ ಇವೆಲ್ಲ ಸೆಪ್ಟೆಂಬರ್ 9ನ್ನೇ ಹೇಳುತ್ತಿದ್ದುದರಿಂದ ನಾನು ಆ ದಿನಕ್ಕೇ ನಿಂತೆ. ಈ ಕಾಗದಗಳಿಲ್ಲದೆ ನಗದಿನಲ್ಲಿ ವ್ಯಾಪಾರ ಮುಗಿಸಿದ್ದರೆ, ಆರ್‌ಸಿಯಲ್ಲಿ ಹೆಸರಿರುವ ತನಕ ತಿಂಗಳುಗಳನ್ನು ನನ್ನ ಲೆಕ್ಕಕ್ಕೇ ಬರೆಯುತ್ತಿದ್ದೆ.

ಹೊಸ ಲಾರಿಯದು ಇದಕ್ಕಿಂತ ಕಹಿ ಪಾಠ. ಬಿಲ್ಲಾಗಿ ಗಾಡಿ ಕೈಗೆ ಬಂದದ್ದು ನವೆಂಬರ್ 27, ಕಾಯಂ ನೋಂದಣಿಯಾದದ್ದು ಡಿಸೆಂಬರ್ 4. ನೋಂದಣಿಯ ದಿನದಿಂದ ಎಣಿಸಿದರೆ ನಾಲ್ಕು ತಿಂಗಳು, ಬಿಲ್ಲಿನ ದಿನದಿಂದ ಐದು. ಬಿಲ್ ನನ್ನ ಹೆಸರಿಗಿತ್ತು, ಸಾಲ ಅದೇ ದಿನ ಬಿಡುಗಡೆಯಾಗಿತ್ತು, ಗಾಡಿ ನನ್ನ ವಶದಲ್ಲಿತ್ತು. ಆದ್ದರಿಂದ ನವೆಂಬರನ್ನು ಬಿಡುವುದು ಸರಿಯಲ್ಲವೆನಿಸಿತು. ಆ ತಿಂಗಳಿನ ನಾಲ್ಕು ದಿನಕ್ಕೆ 28,000 ರೂಪಾಯಿ ಆದಾಯ ಸೇರಿತು. ಕಾರ್ತಿಕದ ಒಳ್ಳೆಯ ದಿನವೆಂದು ಮನೆಯವರು ಹಟ ಹಿಡಿಯದಿದ್ದರೆ ಡಿಸೆಂಬರ್ 1ರವರೆಗೆ ಕಾಯಬಹುದಿತ್ತು. ಗಾಡಿ ಸಾಲದಲ್ಲಿದೆ, ಬ್ಯಾಂಕಿನ ಹೆಸರೂ ಆರ್‌ಸಿಯಲ್ಲಿದೆ ಎಂಬ ಕಾರಣಕ್ಕೆ ಮಾಲೀಕ ನಾನಲ್ಲ ಎನ್ನುವಂತಿಲ್ಲ. ಕಂತಿನ ಮೇಲೆ ಪಡೆದ ಗಾಡಿಗೆ ವಶದಲ್ಲಿಟ್ಟುಕೊಂಡವನನ್ನೇ ಮಾಲೀಕನೆಂದು ಈ ಕಲಂ ಪರಿಗಣಿಸುತ್ತದೆ.

ನಾಲ್ಕನೆಯದು ಪಿಕಪ್. ಇದನ್ನು ನಾನೇ ಓಡಿಸುತ್ತೇನೆ, ಮೈಸೂರಿನ ಅಂಗಡಿಗಳಿಗೆ ಅಕ್ಕಿ ಮುಟ್ಟಿಸುವ ಖಾಯಂ ಬಾಡಿಗೆ ಇದೆ. ಕಾನೂನಿನ ಲೆಕ್ಕ 90,000. ನನ್ನ ಟ್ರಿಪ್ ಪುಸ್ತಕದ ಪ್ರಕಾರ ಎಲ್ಲ ಖರ್ಚು ಕಳೆದು ಉಳಿದದ್ದು 1,26,000 ರೂಪಾಯಿ. ಆರು ಚಕ್ರದ ಲಾರಿಯ ನಷ್ಟವನ್ನು ಇದರಲ್ಲಿ ಕಳೆದು ಸರಿದೂಗಿಸಬಹುದೇ ಎಂದು ಕೇಳಿದೆ. ಸಾಧ್ಯವಿಲ್ಲ, ‘ಯಾವುದು ಹೆಚ್ಚೋ ಅದು’ ಎಂಬ ಹೋಲಿಕೆ ಒಂದೊಂದು ಗಾಡಿಗೂ ಪ್ರತ್ಯೇಕವಾಗಿ ನಡೆಯುತ್ತದೆ. ಇಡೀ ವ್ಯಾಪಾರದ ಲಾಭನಷ್ಟವನ್ನು ಒಟ್ಟುಗೂಡಿಸಿ ನೋಡುವ ಅಭ್ಯಾಸವಿರುವ ನಮಗೆ ಇದು ಸುಲಭವಾಗಿ ತಲೆಗೆ ಹತ್ತುವುದಿಲ್ಲ. ಬಾಡಿಗೆಯೆಲ್ಲ ಬ್ಯಾಂಕಿನ ಮೂಲಕವೇ ಬಂದಿದ್ದುದರಿಂದ ಪಿಕಪ್ಪಿಗೆ 1,26,000 ಎಂದೇ ತೋರಿಸಿದೆ.

ಹೀಗೆ ಪಿಕಪ್ 1,26,000, ಆರು ಚಕ್ರದ ಲಾರಿ 90,000, ಮಾರಿದ ಲಾರಿ 45,000, ಹೊಸ ಲಾರಿ 1,40,000. ಒಟ್ಟು 4,01,000 ರೂಪಾಯಿ. ಇದರಿಂದ ಡೀಸೆಲ್, ಡ್ರೈವರ್ ಬಾಟಾ, ಟೈರು, ಸಾಲದ ಬಡ್ಡಿ, ಸವಕಳಿ ಯಾವುದನ್ನೂ ಮತ್ತೆ ಕಳೆಯುವಂತಿಲ್ಲ, ಅವೆಲ್ಲ ಒಳಗೇ ಕಳೆದಿವೆಯೆಂದು ಭಾವನೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆಯಾಯಿತು. ಆದರೆ ಆದಾಯ 3 ಲಕ್ಷ ಮೀರಿದ್ದರಿಂದ ರಿಟರ್ನ್ ಸಲ್ಲಿಸಲೇಬೇಕಿತ್ತು.

ಸವಕಳಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನು ನಾನು ಕಳೆಯದಿದ್ದರೂ ಗಾಡಿಗಳ ಪುಸ್ತಕ ಮೌಲ್ಯ ಮಾತ್ರ, ಕಳೆದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟಕ್ಕೆ, ವರ್ಷವರ್ಷವೂ ಇಳಿಯುತ್ತಲೇ ಇರುತ್ತದೆ. ಬಾಡಿಗೆಗೆ ಓಡುವ ಲಾರಿಗಳಿಗೆ ಆ ದರ ಶೇ. 30. ವರ್ಷದ ಆರಂಭದಲ್ಲಿ ನನ್ನ ಮೂರೂ ಗಾಡಿಗಳ ಒಟ್ಟು ಪುಸ್ತಕ ಮೌಲ್ಯ 3,40,000 ಉಳಿದಿತ್ತು. ಹಳೆಯ ಲಾರಿಯೊಂದನ್ನೇ 4,20,000ಕ್ಕೆ ಮಾರಿದ್ದೆ. ಅದೇ ವರ್ಷ ಹೊಸ ಲಾರಿ ಕೊಂಡು ಅದರ ಬೆಲೆ ಇದೇ ಗುಂಪಿಗೆ ಸೇರದಿದ್ದರೆ, ಮೇಲಿನ 80,000 ರೂಪಾಯಿ ಅಲ್ಪಾವಧಿ ಬಂಡವಾಳ ಲಾಭವಾಗಿ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತಿತ್ತು. 44ಎಇ ಹಾಕಿದರೆ ಗಾಡಿ ಮಾರಿದ ಹಣದ ಮಾತೇ ಬರುವುದಿಲ್ಲ ಎಂದುಕೊಂಡಿದ್ದೆ, ಅದು ಹಾಗಲ್ಲ.

ನಮೂನೆಯ ಆಯ್ಕೆಯಲ್ಲಿಯೂ ಎಡವುತ್ತಿದ್ದೆ. ಅಂದಾಜು ಆದಾಯದವರಿಗೆ ಸರಳವಾದ ಐಟಿಆರ್-4 ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೃಷಿ ಆದಾಯ 5,000 ರೂಪಾಯಿ ಮೀರಿದವರು ಅದನ್ನು ಬಳಸುವಂತಿಲ್ಲ. ನಾಲೆ ಬಯಲಿನಲ್ಲಿ ನನಗೆ ಎರಡು ಎಕರೆ ಕಬ್ಬಿದೆ. ಮಂಡ್ಯದಲ್ಲಿ ಲಾರಿಯಿಟ್ಟವನಿಗೆ ಒಂದಿಷ್ಟು ಗದ್ದೆಯೂ ಇರುವುದು ಸಾಮಾನ್ಯವಾದ್ದರಿಂದ ಈ ಒಂದು ಸಾಲು ನಮ್ಮಲ್ಲಿ ಬಹಳ ಜನರಿಗೆ ತಾಗುತ್ತದೆ. ಐಟಿಆರ್-3ರಲ್ಲಿಯೇ 44ಎಇಯ ಪಟ್ಟಿ ತುಂಬಿದೆ: ನೋಂದಣಿ ಸಂಖ್ಯೆ, ಸ್ವಂತದ್ದೋ ಬಾಡಿಗೆಯದೋ, ಟನ್, ತಿಂಗಳು, ಆದಾಯ. ಮಾರಿದ ಗಾಡಿಗೂ ಒಂದು ಸಾಲು ಬೇಕು. ಮಾರ್ಚ್ 31ರಂದು ಮನೆ ಮುಂದೆ ನಿಂತಿರುವ ಗಾಡಿಗಳನ್ನಷ್ಟೇ ಬರೆದರೆ ಅದು ಬಿಟ್ಟುಹೋಗುತ್ತದೆ.

2025-26ಕ್ಕೆ ಕನಿಷ್ಠ ಲೆಕ್ಕ ಆಗಲೇ ಹಾಕಿಟ್ಟೆ: ಎರಡು ಚಿಕ್ಕ ಗಾಡಿಗೆ 1,80,000, ಹತ್ತು ಚಕ್ರದ ಲಾರಿಗೆ 3,36,000, ಒಟ್ಟು 5,16,000. ದೊಡ್ಡ ಲಾರಿ ಬಡ್ಡಿ ಮತ್ತು ಸವಕಳಿ ಕಳೆದರೆ ಪುಸ್ತಕದಲ್ಲಿ ನಷ್ಟವನ್ನೇ ತೋರಿಸೀತು. ಅದನ್ನು ಹಾಗೆಯೇ ತೋರಿಸಬೇಕಾದರೆ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು. ಆ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳದಿರುವಾಗ ಆಡಿಟ್ ಶುಲ್ಕ ಕೊಟ್ಟು ಉಳಿಸುವುದು ನನಗೇನೂ ಕಾಣಲಿಲ್ಲ. ಟ್ರಿಪ್ ಪುಸ್ತಕ ಮಾತ್ರ ಈಗ ಗಾಡಿಗೊಂದರಂತೆ ಮೂರು ಇಟ್ಟಿದ್ದೇನೆ, ಪ್ರತಿಯೊಂದರ ಮೊದಲ ಪುಟದಲ್ಲಿ ಆರ್‌ಸಿಯ ಒಟ್ಟು ತೂಕವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.