ಕಲ್ಲು ಸವೆಯಲಿ, ಶಿಲ್ಪ ಕರಗದಿರಲಿ: ಬ್ಲೆಂಡರ್‌ನಲ್ಲಿ ಪಟ್ಟದಕಲ್ಲಿನ ವಿಮಾನ

ಕಂಪ್ಯೂಟರ್‌ನಲ್ಲಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬಳಸಿ ಕಟ್ಟಿದ ದೇಗುಲದ ಗೋಪುರ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋದರೆ ದೇವತೆಗಳ ಮುಖ ಬಿಸಿಲಿಗಿಟ್ಟ ಮೇಣದಂತಿರುತ್ತದೆ, ಕೈ ಸೊಂಟಕ್ಕೆ ಅಂಟಿಕೊಂಡಿರುತ್ತದೆ. ಹಳೆಯ ಕಲ್ಲಲ್ಲವೇ, ಸವೆದಿದೆ ಎಂದು ಸಮಾಧಾನ ಹೇಳುವಂತಿಲ್ಲ, ಏಕೆಂದರೆ ಕಲ್ಲು ಹಾಗೆ ಸವೆಯುವುದೇ ಇಲ್ಲ. ಗಾಳಿ ಮಳೆ ಮೊದಲು ತಿನ್ನುವುದು ಉಬ್ಬಿದ ಭಾಗಗಳನ್ನು: ಮೂಗು, ಮೊಣಕಾಲು, ಮುಂಚಾಚಿದ ಕೈ. ಗಲ್ಲದ ಕೆಳಗಿನ, ತೋಳಿನ ಹಿಂದಿನ ತಗ್ಗುಗಳು ಬಹುಕಾಲ ಹಾಗೇ ಆಳವಾಗಿ ಉಳಿಯುತ್ತವೆ. ಕರಗಿದ ಶಿಲ್ಪದಲ್ಲಿ ಆಗಿರುವುದು ಇದರ ತಿರುಗುಮುರುಗು. ಅಲ್ಲಿ ತಗ್ಗುಗಳೇ ತುಂಬಿಕೊಂಡಿರುತ್ತವೆ. ಕೆಳಗಿನ ಪ್ರತಿ ಹಂತದಲ್ಲೂ ನೋಡಿಕೊಳ್ಳಬೇಕಾದದ್ದು ತಗ್ಗು ಉಳಿದಿದೆಯೇ ಎಂಬುದನ್ನು.

ಉದಾಹರಣೆಗೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ವಿಮಾನವನ್ನು, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಗೋಪುರವನ್ನು ತೆಗೆದುಕೊಳ್ಳೋಣ. ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ ಮರಳುಗಲ್ಲಿನ ಗುಡಿ ಇದು. ತಲಗಳು, ಅಂದರೆ ಅಂತಸ್ತುಗಳು ಒಂದರ ಮೇಲೊಂದು ಏರುವ ದ್ರಾವಿಡ ವಿಮಾನ, ಮೇಲೆ ಚೌಕಾಕಾರದ ಶಿಖರ, ಮುಂದೆ ಚಾಚಿದ ಸುಕನಾಸಿ. ಗೋಪುರವೂ ಕಲ್ಲಿನದೇ ಆದ್ದರಿಂದ ನಮ್ಮ ಕೆಲಸಕ್ಕೆ ಒಳ್ಳೆಯ ಮಾದರಿ. ಹಂಪಿಯ ದೊಡ್ಡ ಗೋಪುರದ ಮೇಲ್ಭಾಗ ಇಟ್ಟಿಗೆ ಗಾರೆಯದು. ಅದು ಹಾಳಾಗುವ ರೀತಿಯೇ ಬೇರೆ.

ಮೊದಲು ಅಳತೆ

ಗುಡಿಯ ಬುಡದಲ್ಲಿ ನಿಂತು ಮೊಬೈಲ್ ಮೇಲೆತ್ತಿ ತೆಗೆದ ಫೋಟೊ ಅಳತೆಗೆ ಬಾರದು. ಅದರಲ್ಲಿ ಮೇಲಿನ ತಲಗಳು ಇರುವುದಕ್ಕಿಂತ ಕುಗ್ಗಿ ಕಾಣುತ್ತವೆ. ಕಟ್ಟಡದ ಎತ್ತರದ ಮೂರು ನಾಲ್ಕು ಪಟ್ಟು ದೂರದಿಂದ, ಜೂಮ್ ಲೆನ್ಸಿನಲ್ಲಿ, ಗೋಡೆಗೆ ನೇರ ಎದುರಾಗಿ ತೆಗೆದ ಚಿತ್ರ ಬೇಕು. ಅದರಲ್ಲಿ ನೆಲದಂತಸ್ತಿನ ಗೋಡೆಯ ಅಗಲವನ್ನು 100 ಎಂದಿಟ್ಟುಕೊಂಡು, ಪ್ರತಿ ತಲದ ಅಂಚಿನಲ್ಲಿ ಸೂರಿನಂತೆ ಹೊರಚಾಚಿದ ಕಪೋತದ ಅಗಲ, ಒಂದು ಕಪೋತದಿಂದ ಮುಂದಿನದಕ್ಕೆ ಇರುವ ಎತ್ತರ, ಶಿಖರದ ಅಗಲ ಇಷ್ಟನ್ನು ಬರೆದುಕೊಳ್ಳಿ. ಬ್ಲೆಂಡರ್‌ನಲ್ಲಿ ಬರೀ ಚೌಕದ ಡಬ್ಬಿಗಳನ್ನು ಈ ಅಳತೆಗೆ ಪೇರಿಸಿ, ಅದೇ ಕೋನದ ಕ್ಯಾಮೆರಾದಿಂದ ಫೋಟೊದ ಮೇಲಿಟ್ಟು ನೋಡಿ. ಅಂಚುರೇಖೆ ಕೂಡುವವರೆಗೆ ಶಿಲ್ಪದ ಸುದ್ದಿ ಬೇಡ.

ಇಲ್ಲಿ ಹೆಚ್ಚಿನವರು ಹಿಡಿಯುವ ಅಡ್ಡದಾರಿ ಒಂದಿದೆ. ಒಂದು ತಲವನ್ನು ಪೂರ್ತಿ ಮಾಡಿ, ಅದನ್ನೇ ನಕಲು ಮಾಡಿ, ಸ್ವಲ್ಪ ಚಿಕ್ಕದಾಗಿಸಿ ಮೇಲಿಡುತ್ತಾರೆ. ಹಾಗೆ ಮಾಡಿದಾಗ ಕಪೋತದ ದಪ್ಪ, ಕಲ್ಲಿನ ಸಂದು, ಗೊಂಬೆಗಳ ಮೂಗು ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿ ಗೋಪುರ ಆಟಿಕೆಯಂತಾಗುತ್ತದೆ. ಮೇಲೆ ಹೋದಂತೆ ಅಗಲ ಕಡಿಮೆಯಾದಾಗ ಶಿಲ್ಪಿಗಳು ಅಂಕಣಗಳನ್ನೇ ಕಡಿಮೆ ಮಾಡುತ್ತಿದ್ದರು. ಮೂಲೆಯ ಚೌಕ ಕಿರುಗುಡಿಯಾದ ಕೂಟ, ನಡುವಿನ ಉದ್ದನೆಯ ಕಿರುಗುಡಿಯಾದ ಶಾಲಾ ಉಳಿಯುತ್ತವೆ, ಅವೆರಡರ ನಡುವೆ ಬರುವ ಪಂಜರದಂಥ ಕಿರುಗುಡಿಗಳು ಬಿಟ್ಟುಹೋಗುತ್ತವೆ. ಆದ್ದರಿಂದ ಕೂಟ, ಶಾಲಾ, ಕಮಾನಿನಾಕಾರದ ನಾಸಿಗಳನ್ನು ಬಿಡಿ ತುಂಡುಗಳಾಗಿ ಮಾಡಿಟ್ಟುಕೊಂಡು, ಪ್ರತಿ ತಲದಲ್ಲೂ ಎಷ್ಟಿವೆ ಎಂದು ಫೋಟೊದಲ್ಲಿ ಎಣಿಸಿ ಜೋಡಿಸಿ. ಕಪೋತದಂಥ ಅಚ್ಚುಪಟ್ಟಿಗಳಿಗೆ ಒಂದು ಬದಿಯನ್ನು ಇನ್ನೊಂದಕ್ಕೆ ಕನ್ನಡಿಯಂತೆ ನಕಲಿಸುವ `Mirror` ಬಳಸಬಹುದು. ಶಿಲ್ಪಗಳಿಗೆ ಬೇಡ, ಎಡಬಲದ ದ್ವಾರಪಾಲಕರಿಗೆ ಒಂದೇ ಕಡೆ ಮೂಗು ಮುರಿದಿದ್ದರೆ ನೋಡುವವರು ತಕ್ಷಣ ಹಿಡಿಯುತ್ತಾರೆ.

ಎಷ್ಟು ವಿವರ ಬೇಕು?

ಇದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿ. ಚಿತ್ರದಲ್ಲಿ 15 ಮೀಟರ್ ಎತ್ತರದ ಕಟ್ಟಡ 3000 ಪಿಕ್ಸೆಲ್ ತುಂಬುತ್ತದೆ ಎನ್ನೋಣ. ಅಂದರೆ ಒಂದು ಪಿಕ್ಸೆಲ್‌ಗೆ 5 ಮಿಲಿಮೀಟರ್. 60 ಸೆಂಟಿಮೀಟರಿನ ಒಂದು ಶಿಲ್ಪಕ್ಕೆ 120 ಪಿಕ್ಸೆಲ್ ಸಿಗುತ್ತದೆ, ಅದರ ಮುಖಕ್ಕೆ ಹೆಚ್ಚೆಂದರೆ 15, ಕಣ್ಣಿಗೆ ಮೂರು. ಮೂರು ಪಿಕ್ಸೆಲ್‌ನಲ್ಲಿ ಕಣ್ಣಿನ ರೆಪ್ಪೆ ಕೆತ್ತುವುದು ವ್ಯರ್ಥ. ಹುಬ್ಬಿನ ಕೆಳಗೆ ನೆರಳು ಹಿಡಿಯುವ ಒಂದು ಗುಳಿ ಸಾಕು. ಆದರೆ ತೋಳಿಗೂ ಸೊಂಟಕ್ಕೂ ನಡುವಿನ 2 ಸೆಂಟಿಮೀಟರ್ ಸಂದು ನಾಲ್ಕು ಪಿಕ್ಸೆಲ್ ಅಗಲ ಕಾಣುತ್ತದೆ. ಅದು ಇರಲೇಬೇಕು, ಆಕೃತಿ ಗುರುತು ಸಿಗುವುದೇ ಅದರಿಂದ.

ಶಿಲ್ಪದ ಮೇಲ್ಮೈ ಜಾಲವನ್ನು ಹೊಸದಾಗಿ ಹೆಣೆಯುವ `Remesh` ಮಾಡುವಾಗ ಈ ಸಂದೇ ನಿಮ್ಮ ಅಳತೆಗೋಲು. ಆ ಜಾಲದ ಒಂದು ಕಣದ ಅಳತೆಯಾದ `Voxel Size` ಅನ್ನು 2 ಸೆಂಟಿಮೀಟರ್ ಇಟ್ಟರೆ ಸಂದು ಮುಚ್ಚಿಕೊಂಡು ತೋಳು ಸೊಂಟ ಒಂದಾಗುತ್ತವೆ. ಕರಗಿದ ಶಿಲ್ಪಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಅತಿ ಕಿರಿದಾದ ಸಂದಿನ ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಇಡಿ, ಇಲ್ಲಿ 0.004 ಮೀಟರ್. ಅದಕ್ಕೆ ಮೊದಲು `Ctrl+A` ಒತ್ತಿ `Scale` ಆರಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಹಿಗ್ಗಿಸಿದ ವಸ್ತುವಿನಲ್ಲಿ ಈ ಅಳತೆಯೂ ಹಿಗ್ಗಿರುತ್ತದೆ. ಇಡೀ ಗೋಪುರಕ್ಕೆ ಇಷ್ಟು ಸೂಕ್ಷ್ಮ ಜಾಲ ಕೊಟ್ಟರೆ ಕಂಪ್ಯೂಟರ್ ಕೈಚೆಲ್ಲುತ್ತದೆ. ಶಿಲ್ಪಗಳಿಗೆ ಮಾತ್ರ ಕೊಡಿ.

ಫೋಟೊದಿಂದ ಮಾಡಿದ ಕಪ್ಪುಬಿಳುಪು ಎತ್ತರದ ನಕ್ಷೆಯನ್ನು ಚಪ್ಪಟೆ ಗೋಡೆಗೆ ಹಚ್ಚಿ ಶಿಲ್ಪ ಎಬ್ಬಿಸುವ ವಿಧಾನ ಇಲ್ಲಿ ಕೆಲಸ ಮಾಡುವುದಿಲ್ಲ. ಅದು ಮೇಲ್ಮೈಯನ್ನು ಮುಂದಕ್ಕೆ ತಳ್ಳಬಲ್ಲದೇ ಹೊರತು ತೋಳಿನ ಹಿಂದಕ್ಕೆ ಕೊರೆಯಲಾರದು. ಪಟ್ಟದಕಲ್ಲಿನ ಶಿಲ್ಪಗಳು ಗೋಡೆಯಿಂದ ಸಾಕಷ್ಟು ಹೊರಗೆ ಬಂದಿವೆ. ತಲೆ, ಎದೆ, ಸೊಂಟ, ಕೈಕಾಲುಗಳನ್ನು ಬೇರೆ ಬೇರೆ ದಿಮ್ಮಿಗಳಾಗಿ ಇಟ್ಟು, ಸಮತಟ್ಟು ಮುಖಗಳಾಗಿ ಕಡಿದು, ಆಮೇಲೆ ಕೂಡಿಸಿ.

ಸವೆತ ಕೊಡುವುದು

ಶಿಲ್ಪವನ್ನು ಹೊಸದರಂತೆ ಚೂಪಾಗಿ ಮುಗಿಸಿದ ಮೇಲಷ್ಟೇ ಇದಕ್ಕೆ ಕೈಹಾಕಿ. `Smooth` ಬ್ರಷ್ ಮುಟ್ಟಬೇಡಿ. ಅದು ಉಬ್ಬನ್ನು ತಗ್ಗಿಸುವಷ್ಟೇ ತಗ್ಗನ್ನೂ ತುಂಬುತ್ತದೆ. `Scrape` ಬ್ರಷ್ ಎದ್ದುನಿಂತದ್ದನ್ನು ಮಾತ್ರ ಹೆರೆಯುತ್ತದೆ. ಮೂಗು, ಕಿರೀಟದ ತುದಿ, ಮೊಣಕಾಲುಗಳ ಮೇಲೆ ಎರಡು ಮೂರು ಸಲ ಎಳೆಯಿರಿ. ಅಲ್ಲೊಂದು ಇಲ್ಲೊಂದು ಕೈಯನ್ನು ಪೂರ್ತಿ ಮುರಿಯಿರಿ, ಮುರಿದ ಜಾಗ ಒರಟಾಗಿಯೇ ಇರಲಿ.

ಸವೆತ ಎಲ್ಲೆಡೆ ಒಂದೇ ಸಮ ಇರದು. ಕಪೋತದ ಮೇಲ್ಮುಖಕ್ಕೆ ಮಳೆ ನೇರ ಬೀಳುತ್ತದೆ, ಅಲ್ಲಿ ಹೆಚ್ಚು ಸವೆತ, ಕಪ್ಪು ಕಲೆ. ಅದರ ನೆರಳಲ್ಲಿರುವ ಶಿಲ್ಪದ ತಲೆಗಿಂತ ಹೊರಗೆ ಚಾಚಿದ ಪಾದ ಹೆಚ್ಚು ನೆನೆಯುತ್ತದೆ. ಮರಳುಗಲ್ಲು ಪದರ ಪದರವಾಗಿ ಏಳುವ ಕಲ್ಲಾದ್ದರಿಂದ ಒಂದೆರಡು ಕಡೆ ಚಕ್ಕೆ ಎದ್ದ ಚಪ್ಪಟೆ ಜಾಗ ತೋರಿಸಿ.

ಕಲ್ಲಿನ ಕಾಳುಕಾಳು ಮೇಲ್ಮೈಗೆ ಮೆಟೀರಿಯಲ್‌ನಲ್ಲಿ `Noise Texture` ಅನ್ನು `Displacement` ನೋಡಿನ `Height` ಗೆ ಕೊಟ್ಟು, ಆ ನೋಡನ್ನು `Material Output` ನ `Displacement` ಗೆ ಜೋಡಿಸಿ, `Scale` 0.002, ಅಂದರೆ 2 ಮಿಲಿಮೀಟರ್ ಮೀರದಿರಲಿ. ಮೂಗಿನ ಎತ್ತರವೇ ಒಂದೂವರೆ ಸೆಂಟಿಮೀಟರ್ ಇರುವಲ್ಲಿ 1 ಸೆಂಟಿಮೀಟರ್ ಏರುಪೇರು ಕೊಟ್ಟರೆ ಮುಖ ಕಾಣದು, ಬೆಲ್ಲದ ಉಂಡೆ ಕಾಣುತ್ತದೆ.

ಬೆಳಕು ಮತ್ತು ಕೊನೆಯ ರೆಂಡರ್

ಬಣ್ಣ ಹಚ್ಚುವ ಮೊದಲು ಎಲ್ಲಕ್ಕೂ ಮಂಕು ಬೂದು ಮೆಟೀರಿಯಲ್ ಕೊಟ್ಟು ಒಂದು ರೆಂಡರ್ ತೆಗೆಯಿರಿ. ಬೂದುಬಣ್ಣದಲ್ಲಿ ಗುರುತು ಸಿಗದ ಶಿಲ್ಪ ಬಣ್ಣದಲ್ಲೂ ಸಿಗುವುದಿಲ್ಲ. ಸೂರ್ಯನ ಬೆಳಕು ಗೋಡೆಗೆ 25ರಿಂದ 35 ಡಿಗ್ರಿ ಓರೆಯಾಗಿ ಬರಲಿ. ಎದುರಿನಿಂದ ಬಂದರೆ ತಗ್ಗಿನ ನೆರಳೆಲ್ಲ ಅಳಿಸಿಹೋಗುತ್ತದೆ. `Sun` ದೀಪದ `Angle` ಅರ್ಧ ಡಿಗ್ರಿಯ ಆಸುಪಾಸು ಇರಲಿ, ಆಕಾಶದ ಸೂರ್ಯನ ಅಗಲವೂ ಅಷ್ಟೇ. ಅದನ್ನು 5ಕ್ಕೆ ಏರಿಸಿದರೆ ನೆರಳಿನ ಅಂಚು ಮಸುಕಾಗಿ, ಚೆನ್ನಾಗಿ ಕೆತ್ತಿದ್ದೂ ಕರಗಿದಂತೆ ಕಾಣುತ್ತದೆ.

ಇಷ್ಟಾದರೂ ಅಂತಿಮ ಚಿತ್ರದಲ್ಲಿ ಮುಖಗಳು ನುಣುಪಾದರೆ, ರೆಂಡರ್‌ನ ಚುಕ್ಕೆಚುಕ್ಕೆ ದೋಷ ಅಳಿಸುವ `Denoise` ಮೇಲೆ ಅನುಮಾನಪಡಿ. ಸ್ಯಾಂಪಲ್, ಅಂದರೆ ಒಂದು ಪಿಕ್ಸೆಲ್‌ಗೆ ಬೆಳಕಿನ ಲೆಕ್ಕ ಹಾಕುವ ಸಲಗಳು ಕಡಿಮೆ ಇದ್ದಾಗ ಅದು ಕಲ್ಲಿನ ಕಾಳನ್ನೂ ಕಣ್ಣಿನ ಗುಳಿಯನ್ನೂ ದೋಷವೆಂದೇ ತಿಳಿದು ಒರೆಸಿಹಾಕುತ್ತದೆ. ಒಂದು ಶಿಲ್ಪದ ಸುತ್ತ `Render Region` ಹಾಕಿ, 1000 ಸ್ಯಾಂಪಲ್‌ನಲ್ಲಿ `Denoise` ಇಲ್ಲದೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಾಣುವ ಹುಬ್ಬಿನ ನೆರಳು ಅಂತಿಮ ಚಿತ್ರದಲ್ಲಿಲ್ಲದಿದ್ದರೆ ಸ್ಯಾಂಪಲ್ ಹೆಚ್ಚಿಸಿ, ಶಿಲ್ಪವನ್ನು ಮತ್ತೆ ಕೆತ್ತಲು ಹೋಗಬೇಡಿ.