ನಾಲ್ಕು ಇಪ್ಪತ್ತರ ಬಸ್ಸು ಮತ್ತು ನಮ್ಮ ನ್ಯಾಕ್ ವರದಿ

ಜಮಖಂಡಿ ಕಡೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸ್ವಯಂ ಅಧ್ಯಯನ ವರದಿ ಕಳಿಸಬೇಕಿದ್ದ ವರ್ಷ ನನ್ನನ್ನು ಕಾಲೇಜಿನೊಳಗಿನ ಗುಣಮಟ್ಟದ ಸಮಿತಿ ಐಕ್ಯೂಎಸಿಗೆ ಹಾಕಿದರು. "ನಿಮ್ಮ ಭಾಷೆ ಚಲೋ ಐತ್ರಿ ಮೇಡಮ್, ಎಲ್ಲಾ ಒಂದ್ ಸಲ ತಿದ್ದಿಬಿಡ್ರಿ" ಅಂದರು ಪ್ರಿನ್ಸಿಪಾಲರು. ಒಂದು ವಾರದ ಕೆಲಸ ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ಏಳು ಮಾನದಂಡಗಳನ್ನು ಏಳು ಜನ ಬರೆದಿದ್ದರು. ಒಬ್ಬರದು ವರದಕ್ಷಿಣೆ ಮಾತುಕತೆಯಲ್ಲಿ ಹುಡುಗನ ಕಡೆಯವರು ಹೇಳಿದಂಗೆ, ಎಲ್ಲಾ ಹೊಗಳಿಕೆ. ಇನ್ನೊಬ್ಬರದು ಬರೀ ಗೋಳು. ವ್ಯಾಕರಣ ತಿದ್ದಿದರೆ ಇವೆರಡೂ ಒಂದಾಗಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಅದಕ್ಕೆ ಕೆಂಪು ಪೆನ್ನು ಹಿಡಿದು ಒಂದೇ ಕೆಲಸ ಮಾಡಿದೆ. ಅತ್ಯುತ್ತಮ, ಯಶಸ್ವಿ, ನಿರಂತರ, ಸುಸಜ್ಜಿತ ಇಂಥ ಪದ ಕಂಡಲ್ಲೆಲ್ಲ ಗೆರೆ ಎಳೆದು, ಪಕ್ಕದಲ್ಲಿ "ಯಾವ ರಿಜಿಸ್ಟರು?" ಅಂತ ಬರೆದೆ. ರಿಜಿಸ್ಟರು ಬಂದರೆ ಅದರಲ್ಲಿದ್ದದ್ದು ವಾಕ್ಯದೊಳಗೆ ಹೋಗುತ್ತೆ. ಬರಲಿಲ್ಲ ಅಂದರೆ ಆ ಪದ ಹೋಗುತ್ತೆ.

ಒಂದೇ ಒಂದು ಉದಾಹರಣೆ ಹೇಳ್ತೀನಿ. ವರದಿ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ. ನಮ್ಮ ಸಲದ ಕೈಪಿಡಿಯಲ್ಲಿ 2.2.1 ಅಂತ ಒಂದು ಅಂಶ. ನಿಧಾನವಾಗಿ ಕಲಿಯುವವರಿಗೆ, ಚುರುಕಾಗಿ ಕಲಿಯುವವರಿಗೆ ನೀವು ಏನು ಮಾಡ್ತೀರಿ ಅಂತ ಕೇಳುತ್ತೆ. ಕರಡಿನಲ್ಲಿ ಹೀಗಿತ್ತು: "ನಮ್ಮ ಪರಿಹಾರ ಬೋಧನೆ ಅತ್ಯಂತ ಯಶಸ್ವಿಯಾಗಿದೆ. ವಿದ್ಯಾರ್ಥಿಗಳು ಗ್ರಾಮೀಣ ಹಿನ್ನೆಲೆಯವರಾಗಿದ್ದು ಪಾಲಕರು ಅನಕ್ಷರಸ್ಥರಾಗಿದ್ದರೂ ನಮ್ಮ ಅಧ್ಯಾಪಕರು ಹಗಲಿರುಳು ಶ್ರಮಿಸುತ್ತಿದ್ದಾರೆ." ವರದಿಯ ಮೊದಲಲ್ಲಿ ಬರುವ ಸಾರಾಂಶದಲ್ಲಿ ಬಲ, ದೌರ್ಬಲ್ಯ, ಅವಕಾಶ, ಸವಾಲು ಅಂತ ನಾಲ್ಕು ಭಾಗ ಇದ್ದವು. ಅಲ್ಲಿ ದೌರ್ಬಲ್ಯದ ಕೆಳಗೆ ಬೇರೆ ಯಾರೋ ಬರೆದಿದ್ದರು: "ಪರಿಹಾರ ಬೋಧನೆಗೆ ವಿದ್ಯಾರ್ಥಿಗಳಲ್ಲಿ ಆಸಕ್ತಿ ಕಡಿಮೆ."

ಒಂದೇ ಕ್ಲಾಸು. ಒಂದು ಪುಟದಲ್ಲಿ ಅತ್ಯಂತ ಯಶಸ್ವಿ, ಇನ್ನೊಂದು ಪುಟದಲ್ಲಿ ಹುಡುಗರೇ ಬರಲ್ಲ! ಆಗ ಅಂಕಿಅಂಶಗಳನ್ನು ನ್ಯಾಕ್ ಪರವಾಗಿ ತಾಳೆ ನೋಡುವ ಡಿವಿವಿಯವರು ಮೊದಲೇ ಪರಿಶೀಲಿಸಿರುತ್ತಿದ್ದರು. ವಿವರಣೆಯನ್ನು ತೂಗಿ ನೋಡುತ್ತಿದ್ದದ್ದು ಕಾಲೇಜಿಗೆ ಬರುವ ನ್ಯಾಕ್‌ನ ಪೀರ್ ಟೀಮ್. ಅವರು ಎರಡೂ ಪುಟ ಓದಿಕೊಂಡೇ ಬರುತ್ತಿದ್ದರು, ಅಲ್ವಾ?

ಬಿ.ಕಾಂ. ಅಕೌಂಟ್ಸ್ ಪರಿಹಾರ ತರಗತಿಯ ಹಾಜರಿ ಪುಸ್ತಕ ತರಿಸಿದೆ. ಜೊತೆಗೆ ಯುನಿವರ್ಸಿಟಿಯ ರಿಸಲ್ಟ್ ಶೀಟು. ಎರಡನ್ನೂ ಮೇಜಿನ ಮೇಲೆ ಹರವಿಕೊಂಡು, ಒಬ್ಬೊಬ್ಬರ ರಿಜಿಸ್ಟರ್ ನಂಬರ್ ಹಿಡಿದು ಹೋಲಿಸಿದೆ. ಪಟ್ಟಿಯಲ್ಲಿ 42 ಜನ. ಅರ್ಧಕ್ಕಿಂತ ಜಾಸ್ತಿ ಕ್ಲಾಸಿಗೆ ಬಂದವರು 26. ಅವರಲ್ಲಿ 19 ಜನ ಬ್ಯಾಕ್‌ಲಾಗ್ ಪಾಸ್ ಮಾಡಿದ್ದರು. ಉಳಿದ 16 ಜನರಲ್ಲಿ ಪಾಸಾದವರು ಬರೀ 4. ಬಲ ಮತ್ತು ದೌರ್ಬಲ್ಯ ಎರಡೂ ಒಂದೇ ಪಟ್ಟಿಯಲ್ಲಿ ಕೂತಿದ್ದವು.

ಖುಷಿಯಲ್ಲಿ ನಾನೂ ಒಂದು ತಪ್ಪು ಮಾಡಿದೆ. "ಪರಿಹಾರ ಬೋಧನೆಯಿಂದ 19 ಜನ ಪಾಸಾದರು" ಅಂತ ಬರೆದೆ. ಸ್ಟ್ಯಾಟಿಸ್ಟಿಕ್ಸ್ ಸರ್ ಓದಿ ನಕ್ಕರು. "ಬಂದ ಹುಡುಗ್ರು ಮೊದ್ಲ ಓದೋ ಹುಡುಗ್ರ ಇದ್ದಿರಬಹುದಲ್ರಿ?" ಹೌದಲ್ಲ! ಅದಕ್ಕೆ "ಬೋಧನೆಯಿಂದ" ತೆಗೆದು "ತರಗತಿಗೆ ಬಂದವರಲ್ಲಿ" ಅಂತ ಹಾಕಿದೆ. ರಿಜಿಸ್ಟರು ಅಷ್ಟನ್ನೇ ಹೇಳುತ್ತೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೆ ಟೀಮಿನವರ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ.

ಇನ್ನು ಆ 16 ಜನ. ಆಸಕ್ತಿ ಇಲ್ಲ ಅಂತ ಬರೆಯೋದು ಸುಲಭ. ಪ್ರವೇಶದ ಅರ್ಜಿಗಳಲ್ಲಿ ಅವರ ಊರು ನೋಡಿದೆ. 11 ಜನ ಹೊಳೆ ದಂಡೆಯ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಒಬ್ಬ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. "ಮೇಡಮ್ರಿ, ಕ್ಲಾಸ್ ನಾಕಕ್ಕ ಶುರು. ನಮ್ಮೂರ ಬಸ್ಸು ನಾಕೂ ಇಪ್ಪತ್ತಕ್ಕ. ಅದು ತಪ್ಪಿದ್ರ ಕತ್ತಲಾಗತೈತ್ರಿ, ಮನ್ಯಾಗ ಕಾಲೇಜ ಬಿಡಸ್ತಾರ." ಅಷ್ಟೇ ವಿಷಯ. ಟೈಮ್‌ಟೇಬಲ್ ಮಾಡಿದವರು ನಾವು.

ಇದನ್ನು ವರದಿಯಲ್ಲಿ ಹಾಕ್ತೀನಿ ಅಂದಾಗ ವಿಭಾಗದ ಮುಖ್ಯಸ್ಥರಿಗೆ ಸಿಟ್ಟು ಬಂತು. "ನಮ್ಮ ಬಂಡವಾಳ ನಾವ ಬಿಚ್ಚಿ ತೋರಸ್ಬೇಕೇನ್ರಿ?" ಅವರ ಸಿಟ್ಟು ಸುಳ್ಳಲ್ಲ, ಸಂಜೆ ಉಳಿದು ಪಾಠ ಮಾಡಿದವರು ಅವರೇ. ಆದರೆ ಕರಡಿನಲ್ಲಿದ್ದ ವಾಕ್ಯ ಅವರನ್ನು ಕಾಪಾಡುತ್ತಿರಲಿಲ್ಲ. ತಪ್ಪನ್ನು ಹುಡುಗರ ಮೇಲೆ, ಅವರ ಅಪ್ಪ ಅವ್ವನ ಮೇಲೆ ಹಾಕುತ್ತಿತ್ತು. "ಗ್ರಾಮೀಣ ಹಿನ್ನೆಲೆ" ಅನ್ನೋದು ನಮ್ಮ ಕಡೆಯ ಕಾಲೇಜಿನವರ ನೆಪದ ಪದ. ಹಿಂದೆ ಮುಂದೆ "ಇದ್ದರೂ", "ಆದಾಗ್ಯೂ" ಬಂದರೆ ಅಲ್ಲಿ ಏನೋ ಮುಚ್ಚಿಡುತ್ತಿದ್ದೇವೆ ಅಂತಲೇ ಲೆಕ್ಕ. ಕೊನೆಗೆ ಅವರ ಕೈಗೇ ಪೆನ್ನು ಕೊಟ್ಟು, ಇಬ್ಬರೂ ಕೂತು ಬರೆದೆವು:

"ಅಕೌಂಟ್ಸ್ ಪರಿಹಾರ ಬೋಧನೆಗೆ 42 ವಿದ್ಯಾರ್ಥಿಗಳನ್ನು ಗುರುತಿಸಲಾಯಿತು. ಅರ್ಧಕ್ಕಿಂತ ಹೆಚ್ಚು ತರಗತಿಗೆ ಬಂದ 26 ಜನರಲ್ಲಿ 19 ಜನ ಬಾಕಿ ಪೇಪರ್ ಪಾಸಾದರು. ಉಳಿದ 16 ಜನರಲ್ಲಿ 4 ಜನ ಪಾಸಾದರು. ತರಗತಿಯನ್ನು ಸಂಜೆ 4ಕ್ಕೆ ಇಟ್ಟಿದ್ದರಿಂದ ಬಸ್ಸಿನಲ್ಲಿ ಬರುವವರಿಗೆ ಉಳಿಯಲು ಆಗುತ್ತಿರಲಿಲ್ಲ. ಈ ಸೆಮಿಸ್ಟರಿನಿಂದ ಬೆಳಿಗ್ಗೆ 9.30ಕ್ಕೆ ಬದಲಿಸಿದ್ದೇವೆ. ಹೊಸ ವೇಳೆಯ ಫಲಿತಾಂಶ ಇನ್ನೂ ಬಂದಿಲ್ಲ."

ಕೊನೆಯ ವಾಕ್ಯದ ಬಗ್ಗೆ ಪ್ರಿನ್ಸಿಪಾಲರಿಗೆ ಸಮಾಧಾನ ಇರಲಿಲ್ಲ. "ಉತ್ತಮ ಫಲಿತಾಂಶ ನಿರೀಕ್ಷಿಸಲಾಗಿದೆ" ಅಂತ ಮಾಡೋಣ ಅಂದರು. ನಿರೀಕ್ಷೆಗೆ ರಿಜಿಸ್ಟರು ಇಲ್ಲವಲ್ಲ ಸರ್ ಅಂದೆ. ಬಿಟ್ಟುಕೊಟ್ಟರು. ಪುರಾವೆಯಾಗಿ ಮೊದಲು ಕ್ಲಾಸಿನ 11 ಫೋಟೊ ಜೋಡಿಸಿದ್ದರು. ಹುಡುಗರು ಕ್ಯಾಮರಾ ನೋಡುತ್ತಾ ಕೂತ ಫೋಟೊಗಳಿಂದ ಏನೂ ಸಾಬೀತಾಗಲ್ಲ. ಒಂದನ್ನು ಉಳಿಸಿ, ಹಾಜರಿ ಮತ್ತು ಫಲಿತಾಂಶ ಎರಡೂ ಇರುವ ಒಂದು ಪುಟದ ಪಟ್ಟಿ ಹಾಕಿದೆವು. ಹೆಸರು ತೆಗೆದು ನಂಬರ್ ಮಾತ್ರ ಇಟ್ಟೆವು.

ಸಾರಾಂಶದಲ್ಲಿ ಇನ್ನೊಂದು ಅದಲುಬದಲು ಮಾಡಬೇಕಾಯಿತು. ಅಕೌಂಟ್ಸಿನ ಒಂದು ಕಾಯಂ ಹುದ್ದೆ ಖಾಲಿ ಇದ್ದದ್ದನ್ನು ದೌರ್ಬಲ್ಯದಲ್ಲಿ ಬರೆದಿದ್ದರು. ಅದನ್ನು ತುಂಬುವುದು ನಮ್ಮ ಕೈಯಲ್ಲಿಲ್ಲ, ಹಾಗಾಗಿ ಅದು ಸವಾಲು. ಆದರೆ ಅಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಹುಡುಗರ ಜೊತೆ ಕೂರಲು ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ಕೂಡ ಇಟ್ಟಿರಲಿಲ್ಲ. ಅದು ನಮ್ಮದೇ ದೌರ್ಬಲ್ಯ. ನಾವೇ ಸರಿಮಾಡಬಹುದಾ ಅಂತ ಕೇಳಿಕೊಂಡೇ ಪ್ರತಿ ಸಾಲನ್ನೂ ಈ ಎರಡು ಕಡೆ ಹಂಚಿದೆ. ದೌರ್ಬಲ್ಯದ ಪಟ್ಟಿ ಒಂಬತ್ತರಿಂದ ನಾಲ್ಕಕ್ಕೆ ಇಳಿಯಿತು. ಆ ನಾಲ್ಕೂ ಚುಚ್ಚುವಂಥವು.

ಪೀರ್ ಟೀಮ್ ಬಂದಾಗ ಅಕೌಂಟ್ಸ್ ವಿಭಾಗದಲ್ಲಿ ಆ ಪುಟವನ್ನೇ ತೆಗೆದು ಕೇಳಿದರು: "ಬೆಳಿಗ್ಗೆ ಮಾಡಿದ ಮೇಲೆ ಎಷ್ಟು ಜನ ಬರ್ತಿದ್ದಾರೆ?" ಮುಖ್ಯಸ್ಥರು ಆ ವಾರದ ಹಾಜರಿ ಪುಸ್ತಕವನ್ನೇ ಮುಂದಿಟ್ಟರು. ವಾದ ಮಾಡುವ ಪ್ರಸಂಗ ಬರಲಿಲ್ಲ. ಹಿಂದಿನ ಸಲ ಅದೇ ಕೋಣೆಯಲ್ಲಿ ಅರ್ಧ ಗಂಟೆ ಸಮಜಾಯಿಷಿ ಹೇಳಿದ್ದೆವು.

ನವೆಂಬರಿನಲ್ಲಿ ಕಾರ್ಖಾನೆಗಳು ಶುರುವಾದವು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಾ. ಬೆಳಗಿನ ಬಸ್ಸು 10 ಗಂಟೆಗೆ ಮೊದಲು ಬರುತ್ತಲೇ ಇರಲಿಲ್ಲ, 9.30ರ ಕ್ಲಾಸು ಮತ್ತೆ ಅರ್ಧ ಖಾಲಿ. ನ್ಯಾಕ್‌ಗೆ ವರ್ಷವರ್ಷ ಕಳಿಸುವ ವರದಿ ಎಕ್ಯೂಎಆರ್‌ನಲ್ಲಿ ಆ ವರ್ಷ ಅದನ್ನೂ ಬರೆದೆವು. ಈಗ ಕಬ್ಬಿನ ಸುಗ್ಗಿ ಮುಗಿಯೋ ತನಕ ಕ್ಲಾಸು ಮಧ್ಯಾಹ್ನ ಒಂದೂವರೆಗೆ, ಊಟದ ಡಬ್ಬಿ ತೆರೆದುಕೊಂಡೇ.